ಛೇದದ ಅಂಕಿ

ರಬಕವಿಯ ನೇಕಾರರ ಓಣಿಯಲ್ಲಿ ಆದಿನಾಥನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ ಇದ್ದರು. ಒಬ್ಬಳು ಅವ್ವ ಬಾಳವ್ವ, ಇನ್ನೊಬ್ಬಳು ಅಕ್ಕ ಹೀರಾ. ಉಳಿದವರಿಗೆಲ್ಲ ಅವನು ‘ಎಪ್ಪತ್ತೊಂಬತ್ತು’. “ಏ ಎಪ್ಪತ್ತೊಂಬತ್ತ, ಲಾಳಿ ಇತ್ತ ಒಗಿಯಲೇ” ಅಂದರೆ ಅವನು ಒಗೆಯುತ್ತಿದ್ದ. ಹಾಗೆ ಕರೆಯುವವರಲ್ಲಿ ಅರ್ಧ ಮಂದಿಗೆ ಆ ಹೆಸರು ಯಾಕೆ ಬಂತು ಅನ್ನುವುದೂ ಗೊತ್ತಿರಲಿಲ್ಲ. ಹೀರಾಗೆ ಗೊತ್ತಿತ್ತು. ಅದು ಬಂದ ದಿನ ಅವಳು ಅಲ್ಲೇ ನಿಂತಿದ್ದಳು.

ಅದು ಸಂಸ್ಥಾನದ ಕಾಲ, ಸಾವಿರದ ಒಂಬೈನೂರ ನಲವತ್ಮೂರು. ಅವರಪ್ಪ ಭೂಪಾಲನಿಗೆ ತೇರದಾಳದ ಕಡೆ ಒಂದಿಷ್ಟು ಹೊಲವಿತ್ತು, ಮನೆ ರಬಕವಿಯಲ್ಲಿ. ಊರಿನ ಒಂದು ಖಾಸಗಿ ಶಾಲೆಗೆ ಶಿದ್ರಾಮಪ್ಪ ಮಾಸ್ತರರು ಹೆಡ್ ಮಾಸ್ತರರಾಗಿದ್ದರು. ಧಾರವಾಡಕ್ಕೆ ಹೋಗಿ ತರಬೇತಿ ಮುಗಿಸಿ ಬಂದಾಗ ಅವರ ಕೈಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಅದರೊಳಗೆ ಚಿತ್ರದ ಕಾರ್ಡುಗಳು, ಒಂದೇ ಅಳತೆಯ ಆದರೆ ಬೇರೆ ಬೇರೆ ತೂಕದ ಐದು ಸಣ್ಣ ಡಬ್ಬಿಗಳು, ಪ್ರಶ್ನೆಗಳ ಪಟ್ಟಿ. ಮಕ್ಕಳ ಬುದ್ಧಿ ಅಳೆಯುವ ಪೆಟ್ಟಿಗೆ ಅಂತ ಊರೆಲ್ಲ ಸುದ್ದಿ ಆಯಿತು.

ಆ ವರ್ಷ ಜಮಖಂಡಿಯ ಒಂದು ಬೋರ್ಡಿಂಗಿನಲ್ಲಿ ಈ ಶಾಲೆಯ ಒಬ್ಬ ಹುಡುಗನಿಗೆ ಪುಕ್ಕಟೆ ಊಟ, ವಸತಿ, ಮೆಟ್ರಿಕ್ ತನಕ ಓದು ಸಿಗುವುದಿತ್ತು. ಯಾರನ್ನು ಕಳಿಸಬೇಕು ಅಂತ ಪೆಟ್ಟಿಗೆಯಿಂದ ತೀರ್ಮಾನಿಸುತ್ತೇನೆ ಅಂದರು ಮಾಸ್ತರರು. ಪರೀಕ್ಷೆಗೆ ಕೂತ ಮಕ್ಕಳಲ್ಲಿ ಆದಿನಾಥನೂ ಇದ್ದ, ಮಾಸ್ತರರ ಸ್ವಂತ ಮಗ ಗಿರಮಲ್ಲಪ್ಪನೂ ಇದ್ದ.

ಆದಿನಾಥ ಖುಷಿಯಿಂದ ಮನೆಗೆ ಓಡಿ ಬಂದಿದ್ದ. “ಅವ್ವಾ, ಇಪ್ಪತ್ತರಿಂದ ಹಿಂದ ಹಿಂದ ಎಣಸು ಅಂದ್ರು, ಎಣಿಸಿದೆ. ಐದೂ ಡಬ್ಬಿ ತೂಕದ ಪ್ರಕಾರ ಇಡು ಅಂದ್ರು, ಇಟ್ಟೆ!” ಅಂತ ಕುಣಿದಿದ್ದ. ವಾರದ ಮೇಲೆ ಫಲಿತಾಂಶ ಶಾಲೆಯ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಗಿರಮಲ್ಲಪ್ಪ, ನೂರಾ ಐದು. ಆದಿನಾಥ, ಎಪ್ಪತ್ತೊಂಬತ್ತು. “ಎಂಬತ್ತರ ಕೆಳಗಿನವರು ಮಂದಬುದ್ಧಿಯ ಗಡಿಯಲ್ಲಿರತಾರ. ಇಂಥವರನ್ನ ಹೆಚ್ಚು ಓದಿಸೂದು ಅವರಿಗೂ ಹಿಂಸಾ” ಅಂದರು ಮಾಸ್ತರರು, ಅಪ್ಪ ಭೂಪಾಲನ ಮುಖ ನೋಡಿಕೊಂಡೇ.

ಬಾಳವ್ವ ಓದಿದವಳಲ್ಲ. ಆದರೂ ಹದಿಮೂರು ವರ್ಷದ ಹೀರಾಳನ್ನು ಕರೆದುಕೊಂಡು ಮರುದಿನ ಶಾಲೆಗೆ ಹೋದಳು. ಮೇಜಿನ ಮೇಲಿದ್ದ ಮಗನ ಕಾಗದದಲ್ಲಿ ಏನು ಬರೆದಿದ್ದೀರಿ ಓದಿ ಹೇಳಿರಿ ಅಂದಳು. ಮಾಸ್ತರರು ಓದಿದರು: “ವಯಸ್ಸು ಹನ್ನೊಂದು.”

“ಹನ್ನೊಂದಲ್ಲರೀ ಮಾಸ್ತರ, ಎಂಟು! ಚಾವಡಿ ಪುಸ್ತಕದಾಗ ಇರಾಂವ ನಮ್ಮ ಮೊದಲಿನ ಆದಿನಾಥ. ಅಂವ ಗಂಟಲಬ್ಯಾನಿಗೆ ಹ್ವಾದ. ಅದ ಹೆಸರ ಈ ಕೂಸಿಗೆ ಇಟ್ಟೀವಿ. ಇವನ ಹುಟ್ಟು ಯಾರೂ ಬರಸಲಿಲ್ಲ.”

ಮಾಸ್ತರರು ಪೆನ್ಸಿಲ್ ತೆಗೆದು ಕಾಗದದ ಅಂಚಿಗೆ ಏನೋ ಗೀಚಿಕೊಂಡರು. ಆಮೇಲೆ ಒಂದು ಗಳಿಗೆ ಸುಮ್ಮನೆ ಕೂತರು. ಆ ಸುಮ್ಮನಿದ್ದದ್ದನ್ನು ಹೀರಾ ಎಂದೂ ಮರೆಯಲಿಲ್ಲ. ನಂತರ ಪೆನ್ಸಿಲ್ ಕೆಳಗಿಟ್ಟು ಹೇಳಿದರು, “ದಾಖಲಾ ಬಿಟ್ಟು ಹೋಗಾಕ ಬರೂದಿಲ್ಲ ಬಾಳವ್ವ. ಮತ್ತ ವಯಸ್ಸಿನ ಮ್ಯಾಲ ಏನೈತಿ? ಬುದ್ಧಿ ಎಷ್ಟು ಅಷ್ಟ.”

ವಯಸ್ಸಿನ ಮೇಲೆ ಏನಿದೆ ಅನ್ನುವುದು ಬಾಳವ್ವನಿಗೂ ತಿಳಿಯದು, ಹೀರಾಗೂ ತಿಳಿಯದು. ಇಬ್ಬರೂ ಮನೆಗೆ ಬಂದರು. ಗಿರಮಲ್ಲಪ್ಪ ಟ್ರಂಕು ಹೊತ್ತು ಜಮಖಂಡಿಗೆ ಹೋದ. ಭೂಪಾಲ ಮಗನನ್ನು ಶಾಲೆ ಬಿಡಿಸಿ ಗುರುತಿನವರ ಮಗ್ಗಕ್ಕೆ ಹಚ್ಚಿದ. ಹುಡುಗ ಮೊದಮೊದಲು ಅತ್ತ. ಆಮೇಲೆ ತಾನೇ ಹೇಳತೊಡಗಿದ, “ನಂದು ಎಪ್ಪತ್ತೊಂಬತ್ತರ ತಲಿ, ನನಗೇನ ತಿಳೀತದ.” ಹತ್ತು ವರ್ಷದಲ್ಲಿ ಓಣಿಯ ಅತಿ ಕಠಿಣ ದಡಿಯ ಸೀರೆಗಳನ್ನು ಮಾಲಕರು ಅವನ ಕೈಗೇ ಕೊಡುವಂತಾದರು. ನೂರಾರು ಎಳೆಗಳ ಲೆಕ್ಕ ತಲೆಯಲ್ಲಿಟ್ಟುಕೊಂಡು ನೇಯುತ್ತಿದ್ದ. ಆದರೆ ಯಾರಾದರೂ ಒಂದು ಚೀಟಿ ಓದು ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಹೀರಾಳ ದಾರಿ ಬೇರೆಯಾಯಿತು. ಹದಿನೈದಕ್ಕೆ ಮದುವೆ, ಹದಿನಾರಕ್ಕೆ ವೈಧವ್ಯ. ಭೂಪಾಲ ಅವಳನ್ನು ಮೂಲೆಗೆ ಕೂರಿಸಲಿಲ್ಲ. ಮುಂದೆ ಓದಿಸಿದ. ಅವಳು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಧಾರವಾಡದ ಶಿಕ್ಷಕಿಯರ ತರಬೇತಿಗೆ ಸೇರುವಷ್ಟರಲ್ಲಿ ಸಂಸ್ಥಾನಗಳು ಮುಳುಗಿ, ರಬಕವಿ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯೊಳಗೆ ಬಂದಿತ್ತು.

ತರಬೇತಿಯ ಎರಡನೇ ವರ್ಷ ಒಂದು ಬೆಳಿಗ್ಗೆ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಮೇಜಿನ ಮೇಲೆ ಒಂದು ಪೆಟ್ಟಿಗೆ ತಂದಿಟ್ಟರು. ಚಿತ್ರದ ಕಾರ್ಡು, ಐದು ಡಬ್ಬಿ. ಊರಿನ ಮಾಸ್ತರರ ಪೆಟ್ಟಿಗೆಯದೇ ನಮೂನೆ ಅಂತ ಹೀರಾ ಗುರುತು ಹಿಡಿದಳು.

ಪ್ರಾಧ್ಯಾಪಕರು ಹೇಳುತ್ತಾ ಹೋದರು. ಒಂದೊಂದು ವಯಸ್ಸಿಗೆ ಆರಾರು ಪ್ರಶ್ನೆ. ಆ ವಯಸ್ಸಿನ ಸಾಧಾರಣ ಮಗು ಮಾಡಬಲ್ಲದ್ದನ್ನು ನೋಡಿ ಪಟ್ಟಿ ಮಾಡಿದ್ದಾರೆ. ಒಂದು ಮಗು ಎಂಟು ವರ್ಷದ ಪಟ್ಟಿ ಪೂರಾ ಮಾಡಿತು, ಒಂಬತ್ತರ ಆರರಲ್ಲಿ ನಾಲ್ಕು ಮಾಡಿತು ಅನ್ನಿ. ಒಂದೊಂದಕ್ಕೆ ಎರಡು ತಿಂಗಳು. ಆಗ ಅದರ ಮಾನಸಿಕ ವಯಸ್ಸು ಎಂಟು ವರ್ಷ ಎಂಟು ತಿಂಗಳು.

“ಈಗ ಅದು ಜಾಣ ಮಗುವೋ ಮಂದ ಮಗುವೋ? ಅಷ್ಟರಿಂದ ಹೇಳಾಕ ಬರೂದಿಲ್ಲ. ಆರು ವರ್ಷದ ಕೂಸು ಇಷ್ಟು ಮಾಡಿದ್ರ ಭಾಳ ಜಾಣ. ಹನ್ನೆರಡರದು ಮಾಡಿದ್ರ ಹಿಂದ ಬಿದ್ದದ. ಅದಕ್ಕ ಮಾನಸಿಕ ವಯಸ್ಸನ್ನ ಹುಟ್ಟಿದ ದಿನದಿಂದ ಎಣಿಸಿದ ಖರೆ ವಯಸ್ಸಿನಿಂದ ಭಾಗಿಸಬೇಕು, ನೂರರಿಂದ ಗುಣಿಸಬೇಕು. ಬಂದದ್ದು ಬುದ್ಧಿಲಬ್ಧ.” ಅವರು ಕರೀ ಹಲಗೆಯ ಮೇಲೆ ಗೆರೆ ಎಳೆದು ಮೇಲೊಂದು ಅಂಕಿ, ಕೆಳಗೊಂದು ಅಂಕಿ ಬರೆದರು.

ಹೀರಾ ಆ ಗೆರೆಯ ಕೆಳಗಿನ ಅಂಕಿಯನ್ನೇ ನೋಡುತ್ತಾ ಎದ್ದು ನಿಂತಳು. “ಸರ, ಕೆಳಗ ವಯಸ್ಸು ತಪ್ಪು ಬರದ್ರ?”

“ಆಗ ಅದು ಮಗುವಿನ ಬುದ್ಧಿ ಅಲ್ಲವ್ವ. ಬರದವನ ತಪ್ಪು. ಛೇದ ದೊಡ್ಡದಾದಷ್ಟು ಲಬ್ಧ ಸಣ್ಣದಾಗತದ. ಮೂರನೇ ಇಯತ್ತೆಯ ಲೆಕ್ಕ.”

ಮೂರನೇ ಇಯತ್ತೆಯ ಲೆಕ್ಕ. ಹೀರಾ ವಸತಿಗೃಹಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಪಾಟಿಯ ಮೇಲೆ ಹಿಂದುಮುಂದು ಲೆಕ್ಕ ಹಾಕಿದಳು. ಹನ್ನೊಂದು ವರ್ಷಕ್ಕೆ ಎಪ್ಪತ್ತೊಂಬತ್ತು ಬಂದಿದ್ದರೆ ತಮ್ಮನ ಮಾನಸಿಕ ವಯಸ್ಸು ಎಂಟು ವರ್ಷ ಎಂಟು ತಿಂಗಳ ಹತ್ತಿರ. ಅದನ್ನು ಎಂಟರಿಂದ ಭಾಗಿಸಿದಳು. ನೂರೆಂಟು. ಗಿರಮಲ್ಲಪ್ಪನಿಗಿಂತ ಮೂರು ಹೆಚ್ಚು.

ಅಳು ಬರಲಿಲ್ಲ. ಮಾಸ್ತರರು ಪೆನ್ಸಿಲ್ ಹಿಡಿದು ಸುಮ್ಮನೆ ಕೂತ ಆ ಗಳಿಗೆ ಕಣ್ಣ ಮುಂದೆ ಬಂತು. ಅವರು ಆಗ ಇದೇ ಭಾಗಾಕಾರ ಮಾಡಿದ್ದರು. ಲಬ್ಧ ನೋಡಿದ್ದರು. ನೋಡಿ ಪೆನ್ಸಿಲ್ ಕೆಳಗಿಟ್ಟಿದ್ದರು.

ಆವತ್ತಿನಿಂದ ಹೀರಾ ಒಂದೇ ವಿಚಾರ ಹಚ್ಚಿಕೊಂಡಳು. ಸುಮ್ಮನೆ ಹೋಗಿ ಬೈದು ಬರುವುದರಿಂದ ಆಗುವುದಿಲ್ಲ. ಮಂದಿಯ ಮುಂದೆ ಓದಿದ ಅಂಕಿ, ಮಂದಿಯ ಮುಂದೆಯೇ ತೀರಬೇಕು. ಅದೂ ಅವರ ಬಾಯಿಂದಲೇ.

ತರಬೇತಿ ಮುಗಿಸಿ ಅವಳು ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾದಳು. ಶಿದ್ರಾಮಪ್ಪ ಮಾಸ್ತರರು ಆಗ ಇನ್ನೂ ದೊಡ್ಡವರಾಗಿದ್ದರು. ರೇಷ್ಮೆ ರುಮಾಲು, ಕರೀ ಕೋಟು, ಬೆಳ್ಳಿ ಹಿಡಿಕೆಯ ಬೆತ್ತ. ಮುಂದಿನ ವರ್ಷ ನಿವೃತ್ತಿ, ಜಮಖಂಡಿಯಲ್ಲಿ ಸತ್ಕಾರದ ಮಾತು ನಡೆದಿತ್ತು. ಮಗ ಬೆಳಗಾವಿಯಲ್ಲಿ ವಕೀಲಿ ಓದುತ್ತಿದ್ದ. ಹೀರಾ ಎದುರಿಗೆ ಸಿಕ್ಕಾಗಲೆಲ್ಲ ಸೆರಗು ಸರಿಮಾಡಿಕೊಂಡು ನಮಸ್ಕಾರ ಮಾಡುತ್ತಿದ್ದಳು. “ಭೂಪಾಲನ ಮಗಳು, ಭಾಳ ವಿನಯ” ಅಂತ ಅವರು ಮಂದಿಯ ಮುಂದೆ ಹೊಗಳುತ್ತಿದ್ದರು.

ಸಾವಿರದ ಒಂಬೈನೂರ ಐವತ್ನಾಲ್ಕರ ಮೇ ತಿಂಗಳಲ್ಲಿ ಅವಳು ಕಾದಿದ್ದ ದಿನ ಬಂತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಿಕ್ಷಕರಿಗೆಲ್ಲ ಜಮಖಂಡಿಯಲ್ಲಿ ಹತ್ತು ದಿನದ ಶಿಬಿರ. ಅದರಲ್ಲಿ ಒಂದು ಮಧ್ಯಾಹ್ನ ಬುದ್ಧಿಮಾಪನದ ಪಾಠ. ಶಾಲೆಗಳ ತಪಾಸಣೆಯ ಡೆಪ್ಯುಟಿ ಸಾಹೇಬರು ಪಾಠವನ್ನು ಹೊಸದಾಗಿ ಕಲಿತು ಬಂದ ಹೀರಾಗೆ ವಹಿಸಿದರು. ಅಧ್ಯಕ್ಷತೆ ಹಿರಿಯರಾದ ಶಿದ್ರಾಮಪ್ಪ ಮಾಸ್ತರರದು.

ಶಿಬಿರಕ್ಕೆ ನಾಲ್ಕು ದಿನ ಮೊದಲು ಮಾಸ್ತರರು ತಾವಾಗಿಯೇ ಒಂದು ಕಟ್ಟು ಕಳಿಸಿದರು. ಹಳೆಯ ಪರೀಕ್ಷೆಯ ಕಾಗದಗಳು. ‘ಈ ಭಾಗದಲ್ಲಿ ಈ ಶಾಸ್ತ್ರವನ್ನು ಮೊದಲು ತಂದವನು ನಾನು. ಇವನ್ನು ಶಿಕ್ಷಕರಿಗೆ ತೋರಿಸತಕ್ಕದ್ದು’ ಅಂತ ಮೇಲೊಂದು ಚೀಟಿ.

ಹೀರಾ ಕಟ್ಟು ಬಿಚ್ಚಿದಳು. ಹನ್ನೆರಡನೆಯ ಕಾಗದ ತಮ್ಮನದು. ಮಾನಸಿಕ ವಯಸ್ಸು ಎಂಟು ವರ್ಷ ಎಂಟು ತಿಂಗಳು. ವಯಸ್ಸು ಹನ್ನೊಂದು. ಬುದ್ಧಿಲಬ್ಧ ಎಪ್ಪತ್ತೊಂಬತ್ತು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: ‘ತಾಯಿಯ ಹೇಳಿಕೆ ೮ ವರ್ಷ. ೧೦೮?’ ಅದರ ಮೇಲೆ ಎರಡು ಅಡ್ಡಗೆರೆ. ಹನ್ನೊಂದು ವರ್ಷದಲ್ಲಿ ಅವರು ಆ ಕಾಗದವನ್ನು ಮರೆತೇಬಿಟ್ಟಿದ್ದರು. ಮರೆಯುವಷ್ಟು ಸಣ್ಣ ಸಂಗತಿ ಅದು ಅವರಿಗೆ. ಆ ವಿಚಾರ ಅವಳನ್ನು ಗೆರೆಗಳಿಗಿಂತ ಹೆಚ್ಚು ಸುಟ್ಟಿತು.

ಶಿಬಿರದ ದಿನ ಉಸಿರು ಕಟ್ಟುವ ಸೆಖೆ. ಎಂಬತ್ತು ಮಂದಿ ಮಾಸ್ತರರು ಟೋಪಿ ಬಿಚ್ಚಿ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು. ಹೀರಾ ಮೊದಲು ಎಲ್ಲರಿಗೂ ಸೂತ್ರ ಬಿಡಿಸಿ ಹೇಳಿದಳು. ಮೇಲೆ ಮಾನಸಿಕ ವಯಸ್ಸು, ಕೆಳಗೆ ಖರೆ ವಯಸ್ಸು, ನೂರರಿಂದ ಗುಣಾಕಾರ. ಅಷ್ಟೇ ಹೇಳಿ ನಿಲ್ಲಿಸಿದಳು. ಇನ್ನೊಂದು ಮಾತು ಹೇಳಬೇಕಾಗಿತ್ತು. ಬೇಕಂತಲೇ ಬಿಟ್ಟಳು.

“ಮಾಡಿ ತೋರಿಸಬೇಕಂದ್ರ ಸೂಟಿಯಾಗ ಮಕ್ಕಳಿಲ್ಲ” ಅಂದಳು. “ಇಲ್ಲಿ ಕೂತ ಹಿರಿಯರ ಪೈಕಿ ಯಾರಾದ್ರೂ ಬಂದ್ರ ನಮಗೆಲ್ಲ ಕಲಿಯಾಕ ಛಲೋ ಆಗತದ.”

ಅವಳು ಯಾರ ಕಡೆಗೂ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಶಿದ್ರಾಮಪ್ಪ ಮಾಸ್ತರರು ನಗುತ್ತಾ ಎದ್ದರು. “ನಾನ ಬರತೇನಿ. ಪರೀಕ್ಷಾ ತಿಳಿದವನ ಮ್ಯಾಲ ಪರೀಕ್ಷಾ ಮಾಡೂದು ಖರೆ ಅಳತಿ ಅಲ್ಲ, ಅದು ನನಗ ಗೊತ್ತದ. ಆದರ ಇವರಿಗೆ ನಮೂನಿ ತಿಳೀಲಿ.”

ದೊಡ್ಡವರ ಪಟ್ಟಿಗಳಿಂದ ಕೇಳುತ್ತಾ ಹೋದಳು. ಬಡತನಕ್ಕೂ ದುಃಖಕ್ಕೂ ಏನು ವ್ಯತ್ಯಾಸ? ಕಾಗದ ಮಡಚಿ ಕತ್ತರಿಸಿದರೆ ಬಿಚ್ಚಿದಾಗ ಎಷ್ಟು ತೂತು? ಮಾಸ್ತರರು ಚಟಪಟ ಹೇಳಿದರು. ಮಂದಿ ಚಪ್ಪಾಳೆ ಹೊಡೆದರು. ಏಳು ಅಂಕಿಗಳನ್ನು ಹಿಂದುಮುಂದಾಗಿ ಹೇಳುವಾಗ ತಪ್ಪಿದರು. ಇನ್ನೆರಡು ಕಡೆ ತಡವರಿಸಿದರು. ಕಡೆಯ ಪಟ್ಟಿಯ ಆರರಲ್ಲಿ ಮೂರು ಆಯಿತು. ಹೀರಾ ಕೂಡಿಸಿದಳು. ಮಾನಸಿಕ ವಯಸ್ಸು ಹದಿನೆಂಟು.

“ಈ ಪಟ್ಟಿಯೊಳಗ ಇದು ಭಾಳ ದೊಡ್ಡ ಅಂಕಿರಿ” ಅಂದಳು. ಅದು ಸುಳ್ಳಾಗಿರಲಿಲ್ಲ. ಹಲಗೆಯ ಮೇಲೆ ಹದಿನೆಂಟು ಬರೆದು ಕೆಳಗೆ ಗೆರೆ ಎಳೆದಳು. “ಸರ, ನಿಮ್ಮ ವಯಸ್ಸು?”

“ಐವತ್ನಾಲ್ಕು.”

ಗೆರೆಯ ಕೆಳಗೆ ಐವತ್ನಾಲ್ಕು ಬರೆದಳು. ತಿರುಗಿ ಸಭೆಗೆ ಕೇಳಿದಳು. “ಎಷ್ಟು ಬಂತ್ರಿ?”

ಹದಿನೆಂಟು, ಐವತ್ನಾಲ್ಕರ ಮೂರನೇ ಒಂದು ಪಾಲು. ಸಭೆಯಲ್ಲಿ ಯಾರಿಗೂ ಕಾಗದ ಪೆನ್ಸಿಲ್ ಬೇಕಾಗಲಿಲ್ಲ. ಹಿಂದಿನ ಸಾಲಿನಿಂದ ಬೀಳಗಿಯ ಒಬ್ಬ ತರುಣ ಒದರಿದ. “ಮೂವತ್ಮೂರು!”

ಹೀರಾ ಪುಸ್ತಕ ತೆರೆದು ಓದಿದಳು. “ಎಪ್ಪತ್ತರ ಕೆಳಗ ಮಂದಬುದ್ಧಿ. ಐವತ್ತರ ಕೆಳಗ ಭಾಳ ಕೆಳಗಿನ ದರ್ಜೆ. ಇಂಥವರಿಗೆ ಬರಹ, ಓದು ಕಲಿಸಾಕ ಬರೂದಿಲ್ಲ.”

ಮೊದಲು ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಸಾಲುಸಾಲು ನಕ್ಕರು. ಡೆಪ್ಯುಟಿ ಸಾಹೇಬರೂ ಕೈವಸ್ತ್ರ ಬಾಯಿಗೆ ಹಿಡಿದರು. ಮಾಸ್ತರರೂ ಮೊದಲು ನಕ್ಕರು. “ಹೀರಾಬಾಯಿ, ಮರತೀಯವ್ವ. ದೊಡ್ಡವರಿಗೆ ಕೆಳಗ ಹದಿನಾರು ಹಾಕಬೇಕು. ಹದಿನಾರಕ್ಕ ನೂರಾ ಹನ್ನೆರಡೂವರಿ ಆಗತದ.”

“ಯಾಕ್ರಿ ಸರ? ನಿಮ್ಮ ಸರ್ವಿಸ್ ಪುಸ್ತಕದಾಗ ಐವತ್ನಾಲ್ಕು ಐತಿ. ದಾಖಲಾ ಬಿಟ್ಟು ಹೋಗಾಕ ಬರತದ?”

“ದಾಖಲಾದ ಪ್ರಶ್ನೆ ಅಲ್ಲ!”

“ಮತ್ತ ವಯಸ್ಸಿನ ಮ್ಯಾಲ ಏನೈತ್ರಿ? ಬುದ್ಧಿ ಎಷ್ಟು ಅಷ್ಟ.”

ನಗು ಇನ್ನೂ ಜೋರಾಯಿತು. “ಮೂವತ್ಮೂರು ಸರ” ಅಂತ ಯಾರೋ ಅಂದರು. ಮಾಸ್ತರರ ಮುಖ ಕೆಂಪಾಯಿತು. ಬೆತ್ತವನ್ನು ನೆಲಕ್ಕೆ ಬಡಿದು ಕೂಗಿದರು. “ತಿಳಿಗೇಡಿಗಳಾ! ಹದಿನಾರರ ಸುಮಾರಿಗೆ ಮಾನಸಿಕ ವಯಸ್ಸು ಬೆಳೆಯೂದು ನಿಂತಬಿಡತದ. ಹುಟ್ಟಿದ ವಯಸ್ಸು ಬೆಳಕೋಂತ ಹೋಗತದ. ಹಂಗ ಭಾಗಿಸಿದ್ರ ಮುದುಕರೆಲ್ಲ ಹುಚ್ಚರಾಗತಾರ. ಛೇದದಾಗ ತಪ್ಪು ಅಂಕಿ ಹಾಕಿದ್ರ ಎಂಥಾ ಜಾಣನ್ನೂ ದಡ್ಡ ಮಾಡಬಹುದು! ಇದು ಪರೀಕ್ಷಾ ಅಲ್ಲ, ಮೋಸ!”

“ಇನ್ನೊಮ್ಮೆ ಹೇಳ್ರಿ ಸರ.”

“ಛೇದ ತಪ್ಪಿದ್ರ ಅದು ಮೋಸ ಅಂದೆ!”

“ಅಷ್ಟ ಬೇಕಾಗಿತ್ರಿ” ಅಂದಳು ಹೀರಾ. ಹಲಗೆಯನ್ನು ಒರೆಸಿದಳು. ಕಟ್ಟಿನೊಳಗಿನ ಹನ್ನೆರಡನೆಯ ಕಾಗದ ತೆಗೆದು ಡೆಪ್ಯುಟಿ ಸಾಹೇಬರ ಮುಂದಿಟ್ಟಳು. ಧ್ವನಿ ಏರಿಸಲಿಲ್ಲ. ಸತ್ತುಹೋದ ಮೊದಲಿನ ತಮ್ಮನ ಹುಟ್ಟುದಾಖಲೆ, ಅವ್ವ ಬಂದು ಹೇಳಿದ ಮಾತು, ಅಂಚಿನ ಪೆನ್ಸಿಲ್ ಬರಹ, ಅಡ್ಡಗೆರೆ, ಎಲ್ಲ ಹೇಳಿದಳು. ಗಿರಮಲ್ಲಪ್ಪನ ಕಾಗದವನ್ನೂ ಪಕ್ಕಕ್ಕೆ ಇಟ್ಟಳು. ನಂತರ ಸೀಮೆಸುಣ್ಣವನ್ನು ಶಿದ್ರಾಮಪ್ಪ ಮಾಸ್ತರರ ಕೈಗೆ ಕೊಟ್ಟಳು.

“ಎಂಟು ವರ್ಷ ಎಂಟು ತಿಂಗಳು, ನೂರಾ ನಾಲ್ಕು ತಿಂಗಳು. ಎಂಟು ವರ್ಷ, ತೊಂಬತ್ತಾರು ತಿಂಗಳು. ಭಾಗಿಸ್ರಿ ಸರ.”

ಯಾರೂ ನಗುತ್ತಿರಲಿಲ್ಲ ಈಗ. ಮಾಸ್ತರರು ಸಾಹೇಬರ ಕಡೆ ನೋಡಿದರು. ಸಾಹೇಬರು ಕಾಗದದಿಂದ ತಲೆ ಎತ್ತದೆ “ಬರೀರಿ” ಅಂದರು. ಮಾಸ್ತರರು ಬರೆದರು. ಸೀಮೆಸುಣ್ಣ ಮುರಿಯಿತು. ಚೂರಿನಿಂದಲೇ ಬರೆದು ಮುಗಿಸಿದರು. ನೂರೆಂಟು. ಬರೆದವರು ಹಲಗೆಗೆ ಹಣೆ ಹಚ್ಚಿಕೊಂಡು ನಿಂತರು. ಕರೀ ಕೋಟಿನ ಹೆಗಲು ಅಲುಗುತ್ತಿತ್ತು.

ಹೀರಾ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು.

ಸಾಹೇಬರು ಲಿಖಿತ ಜವಾಬು ಕೇಳಿದರು. ಮಾಸ್ತರರು ತಪ್ಪೊಪ್ಪಿಗೆ ಬರೆದುಕೊಟ್ಟರು. ಸತ್ಕಾರ ಸಮಾರಂಭದ ಮಾತು ಅಲ್ಲಿಗೇ ನಿಂತಿತು. ಅವರು ಉಳಿದ ತಿಂಗಳುಗಳಿಗೆ ರಜೆ ಹಾಕಿ ಮನೆ ಹಿಡಿದರು. ಜೂನಿನಲ್ಲಿ ಹೀರಾ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗುರುತಿಲ್ಲದ ಇಬ್ಬರು ಶಿಕ್ಷಕರು ಮಾತಾಡುವುದು ಕಿವಿಗೆ ಬಿತ್ತು. “ಆ ಮೂವತ್ಮೂರು ಮಾಸ್ತರ ಈಗ ಹೊರಗ ಬರೂದ ಇಲ್ಲಂತ.” ಅವಳು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಅಂಕಿ ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ನಗು ಬಂತು.

ಆದರೆ ಅದಕ್ಕೂ ಮೊದಲು, ಶಿಬಿರ ಮುಗಿದ ಸಂಜೆಯೇ, ಅವಳು ತಮ್ಮನ ಹತ್ತಿರ ಓಡಿದ್ದಳು. ಆದಿನಾಥ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಸಾಹೇಬರು ಸಹಿ ಹಾಕಿ ಕೊಟ್ಟ ಆ ಕಾಗದದ ನಕಲು ತೋರಿಸಿ ಎಲ್ಲ ಹೇಳಿದಳು. ಹೇಳುವಾಗ ಮಾಸ್ತರರ ಧ್ವನಿ ಅಣಕಿಸಿದಳು ಕೂಡ.

ಅವನು ಲಾಳಿ ನಿಲ್ಲಿಸಿ ಕೇಳಿದ. “ಎಷ್ಟ ಮಂದಿ ಇದ್ರು?”

“ಎಂಬತ್ತು.”

“ಅವರ ಮುಂದ ನನ್ನ ಅಂಕಿ ಓದಿದಿ.”

“ಖರೆ ಅಂಕಿ ಓದಿದೆನೋ! ನೂರೆಂಟು!”

“ಎಪ್ಪತ್ತೊಂಬತ್ತೂ ಓದಿದಿ. ಧಾರವಾಡದಿಂದ ಬಂದು ಎರಡ ವರ್ಸಾತು. ನಿನಗ ಗೊತ್ತಿತ್ತು. ನನಗೊಂದ ಮಾತ ಹೇಳಲಿಲ್ಲ. ಎರಡ ವರ್ಸ ಮತ್ತ ನಾ ಎಪ್ಪತ್ತೊಂಬತ್ತಾಗೇ ಇದ್ದೆ. ಯಾಕಕ್ಕಾ? ನಿನ್ನ ಸೇಡು ಕೆಡತದಂತೇನು?”

ಅವನ ಮಾತು ನಿಜವಾಗಿತ್ತು. ಮೊದಲೇ ಹೇಳಿದ್ದರೆ ಸುದ್ದಿ ಓಣಿಗೆ ಹಬ್ಬಿ ಮಾಸ್ತರರು ಎಚ್ಚರಾಗುತ್ತಾರೆ ಅಂತ ಅವಳು ಬಾಯಿ ಕಟ್ಟಿಕೊಂಡಿದ್ದಳು.

“ಅಂವ ಅತ್ತಾಗ ನೋಡಾಕರ ನನ್ನ ಕರೀಬೇಕಿತ್ತು” ಅಂದ ಆದಿನಾಥ. “ಹನ್ನೊಂದ ವರ್ಸ ಒದಿ ತಿಂದಾಂವ ನಾನು. ಸೇಡು ತಗೊಂಡಾಕಿ ನೀನು.” ಮತ್ತೆ ನೇಯತೊಡಗಿದ. ಅವತ್ತಿನಿಂದ ಅಕ್ಕನ ಕೂಡ ಮಾತು ಬಿಟ್ಟ.

ಮಳೆಗಾಲ ಹಾಗೇ ಕಳೆಯಿತು. ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಸದಿಯಿಂದ ಬಂದವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು ತಪ್ಪು ಮನ್ನಿಸು ಅನ್ನುವ ದಿನ. ಹೀರಾ ಮಗ್ಗದ ಮನೆಗೆ ಹೋಗಿ ಸಣ್ಣ ತಮ್ಮನ ಮುಂದೆ ಕೈ ಮುಗಿದು ನಿಂತಳು.

“ನಿಂದು ಮನ್ನಿಸೇನಿ” ಅಂದ ಅವನು, ಲಾಳಿ ಕೆಳಗಿಟ್ಟು. “ಆದರ ಮಾಸ್ತರಂದು ನನಗ ಬಿಡು. ನೀ ನಡುವ ಬರಬ್ಯಾಡ.”

ಮರುದಿನ ಆದಿನಾಥ ಒಗೆದ ಅಂಗಿ ಹಾಕಿಕೊಂಡು ಶಿದ್ರಾಮಪ್ಪ ಮಾಸ್ತರರ ಮನೆಗೆ ಹೋದ. ಹೀರಾ ಹೆದರಿ ಓಣಿಯ ತುದಿಯಲ್ಲಿ ನಿಂತಳು. ಬಾಗಿಲು ತೆಗೆದ ಮಾಸ್ತರರು ಇವನನ್ನು ನೋಡಿ ಚೌಕಟ್ಟು ಹಿಡಿದುಕೊಂಡರು.

“ನಾ ನಾಲ್ಕನೇ ಇಯತ್ತೆಯಾಗ ನಿಂತೇನಿ” ಅಂದ ಆದಿನಾಥ. “ಅಲ್ಲಿಂದ ಮುಲ್ಕಿ ತನಕ ನೀವ ಕಲಸಬೇಕು. ನಾ ನಿಮ್ಮ ಮನಿಗೆ ಬರೂದಿಲ್ಲ. ನೀವು ಮಗ್ಗಕ್ಕ ಬರಬೇಕು. ದಿನಾ ಮಧ್ಯಾಹ್ನ. ಎಲ್ಲಾರೂ ನೋಡೂವಂಗ.”

ಮಾಸ್ತರರು ಆಗಲಿ ಅಂತ ತಲೆ ಹಾಕಿದರು.

ಬಂದರು. ರುಮಾಲು ಇರಲಿಲ್ಲ, ಬೆತ್ತವೂ ಇರಲಿಲ್ಲ. ಓಣಿಯ ಎರಡೂ ಕಟ್ಟೆಯ ಮಂದಿ ನೋಡುತ್ತಿರುವಾಗ ನಡೆದು ಬಂದು ಮಗ್ಗದ ಕುಣಿಯ ಪಕ್ಕ ನೆಲದ ಮೇಲೆ ಕೂತರು. ಆದಿನಾಥ ಮಣೆ ಕೊಡಲಿಲ್ಲ. ಅವನ ಕೈ ಲಾಳಿ ಎಸೆಯುತ್ತಿರುತ್ತಿತ್ತು. ಮಾಸ್ತರರು ಪಾಠ ಓದುತ್ತಿದ್ದರು. ಭಿನ್ನರಾಶಿ, ಭೂಗೋಳ, ವ್ಯಾಕರಣ. ಒಂದು ಸಲ ಓದಿದ್ದನ್ನು ಇವನು ಹಾಗೇ ತಿರುಗಿ ಹೇಳಿದಾಗ ಅವರು ಪುಸ್ತಕ ಮಡಿಸಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಜ್ವರ ಅಂತ ಒಂದು ದಿನ ತಪ್ಪಿಸಿದಾಗ ಆದಿನಾಥ ಅವರ ಮನೆ ಮುಂದೆ ಹೋಗಿ ಸುಮ್ಮನೆ ನಿಂತ. ಅವರು ಕಂಬಳಿ ಹೊದ್ದುಕೊಂಡೇ ಬಂದರು. ಬಾಳವ್ವ ಅದನ್ನು ನೋಡಲಾರದೆ, “ಸಾಕೋ ಯಪ್ಪಾ, ಮುದುಕ ಆಗ್ಯಾನ” ಅಂದಳು. “ನಾ ಎಂಟು ವರ್ಸದಾಂವ ಇದ್ದೆಬೇ” ಅಂದ ಮಗ.

ಮುಲ್ಕಿ ಪರೀಕ್ಷೆಗೆ ಖಾಸಗಿಯಾಗಿ ಕೂರಲು ಅರ್ಜಿಯಲ್ಲಿ ಹುಟ್ಟಿದ ತಾರೀಖು ಬರೆಯಬೇಕಿತ್ತು. ಆದಿನಾಥ ಅರ್ಜಿಯನ್ನು ಮಾಸ್ತರರ ಮುಂದೆ ಇಟ್ಟ. ಅವರು ಬಾಳವ್ವನನ್ನು ಕರೆದು, ಯಾವ ತಿಂಗಳು, ಯಾವ ತಿಥಿ ಅಂತ ಎರಡೆರಡು ಸಲ ಕೇಳಿ, ಪಂಚಾಂಗ ತಿರುವಿ, ಒಂದೊಂದೇ ಅಂಕಿಯನ್ನು ದುಂಡಗೆ ಬರೆದು ಕೆಳಗೆ ಸಾಕ್ಷಿಯ ಸಹಿ ಹಾಕಿದರು.

ಐವತ್ತಾರರ ಬೇಸಿಗೆಯಲ್ಲಿ ಫಲಿತಾಂಶ ಬಂತು. ಮಾಸ್ತರರೇ ಜಮಖಂಡಿಗೆ ಹೋಗಿ ನೋಡಿಕೊಂಡು ಬಂದರು. ಬಸ್ಸಿಂದ ಇಳಿದು ಬಿಸಿಲಲ್ಲಿ ಓಡೋಡಿ ಬಂದಿದ್ದರು. ಕೈಯಲ್ಲಿ ಪೇಢೆಯ ಪೊಟ್ಟಣ. “ಆದಿನಾಥ, ಕೇಂದ್ರಕ್ಕ ಮೂರನೆಯಾಂವ ಬಂದೀಯಪಾ!” ಅಂದರು. ಓಣಿಯಲ್ಲಿ ಅವನನ್ನು ಅಷ್ಟು ಗಟ್ಟಿಯಾಗಿ ಹೆಸರು ಹಿಡಿದು ಕರೆದ ಮೊದಲ ಹೊರಗಿನವರು ಅವರೇ.

ಹೀರಾ ಅಲ್ಲೇ ಇದ್ದಳು. ತಮ್ಮ ಮಗ್ಗದಿಂದ ಮೇಲೆ ಹತ್ತಿ ಬಂದ. ಬಾಗಿ ಮಾಸ್ತರರ ಕಾಲು ಮುಟ್ಟಿದ. ಮಾಸ್ತರರ ಕಣ್ಣು ತುಂಬಿ ಬಂತು. ಪೊಟ್ಟಣ ಬಿಚ್ಚಿ ಒಂದು ಪೇಢೆ ಅವನ ಬಾಯಿಯ ಹತ್ತಿರ ಹಿಡಿದರು.

ಆದಿನಾಥ ಮುಖ ತಿರುಗಿಸಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. “ಕಲಿಸಿದ್ದಕ್ಕ ನಮಸ್ಕಾರ ಮಾಡೇನ್ರಿ” ಅಂದ. “ನಿಮ್ಮ ಕೆಲಸ ಆತು. ನಾಳಿಂದ ಬರಬ್ಯಾಡ್ರಿ.”

ಮಾಸ್ತರರು ಪೇಢೆ ಹಿಡಿದ ಕೈ ಇಳಿಸಿದರು. ಪೊಟ್ಟಣವನ್ನು ಬಾಳವ್ವನ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಓಣಿ ದಾಟುವ ತನಕ ಹೀರಾ ಅವರ ಬೆನ್ನು ನೋಡುತ್ತಾ ನಿಂತಳು. ಕರೆದು ನಿಲ್ಲಿಸಬೇಕು ಅಂತ ಒಮ್ಮೆ ಅನ್ನಿಸಿತು. ತಮ್ಮನ ಕಡೆ ನೋಡಿದಳು. ಅವನು ಆಗಲೇ ಮುಂಬಯಿಯ ಜವಳಿ ಶಾಲೆಯೊಂದರ ಅರ್ಜಿಯ ಕಾಗದ ಬಿಡಿಸಿಕೊಂಡು, ತಾನೇ ಓದುತ್ತಾ ಕೂತಿದ್ದ.